ಬಟನ್ ಒತ್ತಿದರೆ ಸಾಲದು, ಊರು ಹೇಳಲೂ ಬರಬೇಕು

ನಿಮ್ಮ ಕೈಯಲ್ಲಿರುವ ಫೋನಿನಲ್ಲಿ ಅಪಾಯದ ಹೊತ್ತಿಗೆ ಒತ್ತುವ ಒಂದು ಬಟನ್ ಇದೆ. 2017ರ ಜನವರಿ 1ರ ನಂತರ ನಮ್ಮ ದೇಶದಲ್ಲಿ ಮಾರುವ ಯಾವ ಮೊಬೈಲಿಗೂ ಅದು ಇರಲೇಬೇಕು ಎಂದು ಕೇಂದ್ರ ಸರ್ಕಾರ 2016ರಲ್ಲೇ ನಿಯಮ ಮಾಡಿದೆ. ಒತ್ತಿದರೆ ಕರೆ 112ಕ್ಕೆ ಹೋಗಬೇಕು. ಅಜ್ಜಿಯ ಕೀಪ್ಯಾಡ್ ಫೋನಿಗೂ ಇದೇ ನಿಯಮ, ಮಗಳ ಸ್ಮಾರ್ಟ್‌ಫೋನಿಗೂ ಇದೇ ನಿಯಮ.

ಆದರೆ ಆ ಬಟನ್ ಯಾವುದು, ಎಷ್ಟು ಸಲ ಒತ್ತಬೇಕು, ಒತ್ತಿದ ಮೇಲೆ ಏನಾಗುತ್ತದೆ ಎಂದು ನಿಮ್ಮ ಮನೆಯಲ್ಲಿ ಎಷ್ಟು ಜನಕ್ಕೆ ಗೊತ್ತು, ಒಮ್ಮೆ ಕೇಳಿ ನೋಡಿ. ಫೋನ್ ಮಾರುವ ಅಂಗಡಿಯಲ್ಲಿ ಕ್ಯಾಮೆರಾ ತೋರಿಸುತ್ತಾರೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು ಹೇಳುತ್ತಾರೆ. ಇದನ್ನು ಯಾರೂ ತೋರಿಸುವುದಿಲ್ಲ.

ಬಟನ್ ಗೊತ್ತಾದರೂ ಕೆಲಸ ಮುಗಿಯುವುದಿಲ್ಲ ಎಂಬುದೇ ನಮ್ಮ ಮಾತು. ಪೇಟೆಯಲ್ಲಿ ಕರೆ ಹೋದರೆ ಗಾಡಿ ಬರುತ್ತದೆ. ಅಲ್ಲಿ ರಸ್ತೆಗೆ ಹೆಸರಿದೆ, ಮನೆಗೆ ನಂಬರ್ ಇದೆ, ಮೂಲೆಮೂಲೆಗೂ ಟವರ್ ಇದೆ. ಹಳ್ಳಿಯಲ್ಲಿ ಕರೆ ಎರಡು ಕಡೆ ಕೈಕೊಡುತ್ತದೆ. ಒಂದು, ಫೋನು ಮತ್ತು ಟವರಿನ ನಡುವೆ. ಇನ್ನೊಂದು, ನಾವು ಹೇಳುವ ಜಾಗ ಮತ್ತು ಗಾಡಿ ಹುಡುಕುವ ಜಾಗದ ನಡುವೆ. ಕರೆ ಹೊರಟಲ್ಲಿಂದ ಗಾಡಿ ಬಂದು ನಿಲ್ಲುವವರೆಗೆ ಒಂದೊಂದೇ ಮೆಟ್ಟಿಲು ನೋಡುತ್ತಾ ಹೋಗೋಣ.

ಮೊದಲ ಮೆಟ್ಟಿಲು: ಯಾವ ಬಟನ್?

2016ರ ನಿಯಮದ ಪ್ರಕಾರ ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9ರ ಕೀಲಿಯನ್ನು ಒತ್ತಿ ಹಿಡಿಯಬೇಕು. ಸ್ಮಾರ್ಟ್‌ಫೋನಿನಲ್ಲಿ ಬದಿಯ ಪವರ್ ಬಟನ್ ಅನ್ನು ಬೇಗಬೇಗ ಮೂರು ಸಲ ಒತ್ತಬೇಕು. ಇಷ್ಟೇ ಆಗಿದ್ದರೆ ಊರಿಗೆಲ್ಲ ಒಂದೇ ಪಾಠ ಹೇಳಿಕೊಡಬಹುದಿತ್ತು.

ಆದರೆ ಆಂಡ್ರಾಯ್ಡ್ ಫೋನುಗಳಲ್ಲಿ 2021ರಿಂದ ಈಚೆಗೆ ಐದು ಸಲ ಒತ್ತುವ ಇನ್ನೊಂದು ಸೌಲಭ್ಯ ಸೇರಿಕೊಂಡಿದೆ. ಐಫೋನಿನಲ್ಲಿ ಬದಿಯ ಬಟನ್ ಮತ್ತು ವಾಲ್ಯೂಮ್ ಬಟನ್ ಎರಡನ್ನೂ ಒಟ್ಟಿಗೆ ಹಿಡಿಯುವ ದಾರಿಯೂ ಇದೆ, ಬದಿಯ ಬಟನ್ ಮೂರು ಸಲ ಒತ್ತುವ ಭಾರತದ ದಾರಿಯೂ ಇದೆ. ಒಂದೇ ಮನೆಯ ಮೂರು ಫೋನಿಗೆ ಮೂರು ರೀತಿ. ಗಾಬರಿಯಲ್ಲಿದ್ದಾಗ ಮಗನ ಫೋನ್ ಸಿಕ್ಕಿತೆಂದು ತಾಯಿ ತನ್ನ ಫೋನಿನ ರೀತಿ ಒತ್ತಿದರೆ ಪರದೆ ಆರುತ್ತದೆ, ಹೊತ್ತುತ್ತದೆ, ಅಷ್ಟೇ.

ಹಾಗಾಗಿ ಪ್ರತಿ ಫೋನನ್ನೂ ಒಂದು ಸಲ ಬಿಡುವಿನಲ್ಲಿ ಕೂತು ನೋಡಬೇಕು. ಒತ್ತಿ ನೋಡಬೇಡಿ, ಮೊದಲು ಸೆಟ್ಟಿಂಗ್ ತೆರೆದು ನೋಡಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗಿನಲ್ಲಿ Safety & emergency ಎಂಬ ಜಾಗ ಇರುತ್ತದೆ, ಅದರೊಳಗೆ Emergency SOS ಇರುತ್ತದೆ. ಸಿಗದಿದ್ದರೆ ಸೆಟ್ಟಿಂಗಿನ ಮೇಲಿರುವ ಹುಡುಕುವ ಪಟ್ಟಿಯಲ್ಲಿ SOS ಎಂದು ಹಾಕಿ. ಕೀಪ್ಯಾಡ್ ಫೋನಿನಲ್ಲೂ ಮೆನುವಿನಲ್ಲಿ SOS ಎಂದು ಹುಡುಕಿ. ಅಲ್ಲಿ ನೋಡಬೇಕಾದದ್ದು ಮೂರೇ ಸಂಗತಿ. ಸೌಲಭ್ಯ ಆನ್ ಆಗಿದೆಯೇ? ಎಷ್ಟು ಸಲ ಒತ್ತಬೇಕು? ಕರೆ ಯಾವ ನಂಬರಿಗೆ ಹೋಗುತ್ತದೆ?

ಮೂರನೆಯದು ಮುಖ್ಯ. ಕೆಲವು ಫೋನುಗಳಲ್ಲಿ 112ರ ಬದಲು ಬೇರೆ ನಂಬರ್ ಹಾಕಲು ಅವಕಾಶ ಇದೆ. ಗಂಡನ ನಂಬರ್ ಹಾಕಿಟ್ಟರೆ ಅದು ಸಾಮಾನ್ಯ ಕರೆಯಾಗುತ್ತದೆ. ಗಂಡನ ಫೋನ್ ಸ್ವಿಚ್ ಆಫ್ ಇದ್ದರೆ ಅಲ್ಲಿಗೆ ಮುಗಿಯಿತು. 112 ಇರಲಿ. ಮನೆಯವರ ನಂಬರುಗಳನ್ನು ತುರ್ತು ಸಂಪರ್ಕದ ಪಟ್ಟಿಗೆ ಸೇರಿಸಿ, ಅವರಿಗೆ ಬೇರೆಯಾಗಿ ಮೆಸೇಜ್ ಹೋಗುತ್ತದೆ. ಆದರೆ ಆ ಮೆಸೇಜ್ ಸಾಮಾನ್ಯ ಮೆಸೇಜಿನ ಹಾಗೇ ಹೋಗುವುದರಿಂದ ರೀಚಾರ್ಜ್ ಮುಗಿದಿದ್ದರೆ ಹೋಗುವುದಿಲ್ಲ. ಹೋದರೂ ಅದರಲ್ಲಿರುವ ಮ್ಯಾಪ್ ತೆರೆಯಲು ಆ ಕಡೆಯವರ ಫೋನಿನಲ್ಲಿ ನೆಟ್ ಇರಬೇಕು.

ಇದೇ ಜಾಗದಲ್ಲಿ ಇನ್ನೊಂದು ಆಯ್ಕೆ ಇರುತ್ತದೆ. ಐದು ಸಲ ಒತ್ತಿದ ಕೂಡಲೇ ಕೆಲವು ಸೆಕೆಂಡ್ ಎಣಿಸಿ ತಾನೇ ಕರೆ ಮಾಡುವುದು ಒಂದು ರೀತಿ. ಪರದೆಯ ಮೇಲೆ ಬರುವ ಕೆಂಪು ಗುರುತನ್ನು ಒತ್ತಿ ಹಿಡಿದರೆ ಮಾತ್ರ ಕರೆ ಹೋಗುವುದು ಇನ್ನೊಂದು ರೀತಿ. ಕತ್ತಲಲ್ಲಿ ಒಬ್ಬರೇ ಓಡಾಡುವವರಿಗೆ, ಬಿದ್ದರೆ ಪರದೆ ನೋಡಲಾಗದ ವಯಸ್ಸಾದವರಿಗೆ ಮೊದಲನೆಯದು ಒಳ್ಳೆಯದು. ದಿನವಿಡೀ ಫೋನನ್ನು ಚಡ್ಡಿ ಜೇಬಿನಲ್ಲಿಟ್ಟು ಬಗ್ಗಿ ಎದ್ದು ಕೆಲಸ ಮಾಡುವವರಿಗೆ ಎರಡನೆಯದೇ ವಾಸಿ. ಯಾಕೆಂದರೆ ಜೇಬಿನಲ್ಲೇ ಬಟನ್ ಒತ್ತಿಹೋಗುತ್ತದೆ. 2023ರ ಬೇಸಿಗೆಯಲ್ಲಿ ಬ್ರಿಟನ್ನಿನಲ್ಲಿ ಹೀಗೆ ಆಂಡ್ರಾಯ್ಡ್ ಫೋನುಗಳಿಂದ ತಾನಾಗಿಯೇ ಹೋದ ಮಾತಿಲ್ಲದ ಕರೆಗಳು ಅಲ್ಲಿನ 999 ನಂಬರಿಗೆ ವಿಪರೀತವಾಗಿ, ಪೊಲೀಸರೇ ಜನರಿಗೆ ಎಚ್ಚರಿಕೆ ಕೊಡಬೇಕಾಯಿತು.

ತಪ್ಪಿ ಕರೆ ಹೋಯಿತು ಅನ್ನಿ. ಹೆದರಿ ಕಟ್ ಮಾಡಬೇಡಿ. ಕಟ್ ಮಾಡಿದರೆ ಆ ಕಡೆಯವರಿಗೆ ಇವರು ಅಪಾಯದಲ್ಲಿದ್ದಾರೋ ಏನೋ ಎಂಬ ಅನುಮಾನ ಉಳಿಯುತ್ತದೆ, ತಿರುಗಿ ಕರೆ ಮಾಡುತ್ತಾ ಹೊತ್ತು ಕಳೆಯಬೇಕಾಗುತ್ತದೆ. "ಕೈತಪ್ಪಿ ಬಂತು ಸಾರ್, ಇಲ್ಲಿ ಏನೂ ತೊಂದರೆ ಇಲ್ಲ" ಎಂದು ಹೇಳಿ ಇಡಿ. ಅಷ್ಟೇ ಸಾಕು.

ಬಾಯಲ್ಲಿ ಹೇಳಿ ಕರೆ ಮಾಡಿಸುವ ದಾರಿಯೂ ಇದೆ. ಕೈ ಯಂತ್ರಕ್ಕೆ ಸಿಕ್ಕಾಗ, ಬಿದ್ದು ಫೋನ್ ದೂರ ಹಾರಿದಾಗ ಅದು ಉಪಯೋಗಕ್ಕೆ ಬರಬಹುದು. ಆದರೆ ಅದಕ್ಕೆ ಮೊದಲೇ ನಿಮ್ಮ ಧ್ವನಿ ಕಲಿಸಿರಬೇಕು, ಲಾಕ್ ಆದ ಫೋನಿನಲ್ಲೂ ಕೇಳಿಸಿಕೊಳ್ಳುವಂತೆ ಸೆಟ್ಟಿಂಗ್ ಇರಬೇಕು, ಹಲವು ಫೋನುಗಳಲ್ಲಿ ನೆಟ್ ಕೂಡ ಬೇಕು. ನಿಮ್ಮ ಫೋನಿನಲ್ಲಿ ಇದು ನಡೆಯುತ್ತದೆಯೇ ಎಂದು ತಿಳಿಯಲು 112ಕ್ಕೆ ಪರೀಕ್ಷೆ ಮಾಡಬೇಕಿಲ್ಲ. ಫೋನ್ ಲಾಕ್ ಮಾಡಿ, ನೆಟ್ ಆಫ್ ಮಾಡಿ, ನಾಲ್ಕು ಮಾರು ದೂರ ನಿಂತು ನಿಮ್ಮ ತಮ್ಮನಿಗೋ ತಂಗಿಗೋ ಕರೆ ಮಾಡಲು ಹೇಳಿ ನೋಡಿ. ಪಂಪ್‌ಸೆಟ್ ಓಡುವಾಗ ಒಮ್ಮೆ ಹೇಳಿ ನೋಡಿ. ಅಲ್ಲಿ ಹೋಗದ ಕರೆ ಅಪಾಯದಲ್ಲೂ ಹೋಗುವುದಿಲ್ಲ. ಧ್ವನಿಯನ್ನು ಎರಡನೆಯ ದಾರಿ ಎಂದು ಇಟ್ಟುಕೊಳ್ಳಿ, ಮೊದಲನೆಯದು ಬಟನ್.

ಎರಡನೆಯ ಮೆಟ್ಟಿಲು: ಯಾವ ಟವರ್?

ಬಟನ್ ಒತ್ತಿದ ಮೇಲೆ ಕರೆಯನ್ನು ಯಾವುದಾದರೂ ಟವರ್ ಹಿಡಿದುಕೊಳ್ಳಬೇಕು. ನಿಮ್ಮ ಸಿಮ್ಮಿನ ಕಂಪನಿಯ ಸಿಗ್ನಲ್ ಇಲ್ಲದಾಗ ಪರದೆಯ ಮೇಲೆ ಎರಡು ಥರದ ಬರಹ ಬರುತ್ತದೆ. ಒಂದು No service. ಇನ್ನೊಂದು Emergency calls only, ಕನ್ನಡದಲ್ಲಿಟ್ಟುಕೊಂಡಿದ್ದರೆ ತುರ್ತು ಕರೆಗಳು ಮಾತ್ರ. ಎರಡೂ ಒಂದೇ ಎಂದುಕೊಂಡು ಫೋನ್ ಜೇಬಿಗೆ ಹಾಕುವವರೇ ಹೆಚ್ಚು. ಅವು ಒಂದೇ ಅಲ್ಲ.

ಮೊದಲನೆಯದು ಬಂದರೆ ನಿಮ್ಮ ಫೋನಿಗೆ ಯಾವ ಟವರೂ ಸಿಗುತ್ತಿಲ್ಲ ಎಂದರ್ಥ. ಯಾವ ಬಟನ್ ಒತ್ತಿದರೂ ಪ್ರಯೋಜನ ಇಲ್ಲ, ಜಾಗ ಬದಲಿಸಬೇಕು. ಎರಡನೆಯದು ಬಂದರೆ ನಿಮ್ಮ ಕಂಪನಿಯ ಟವರ್ ಇಲ್ಲ, ಆದರೆ ಬೇರೆ ಕಂಪನಿಯ ಟವರ್ ಸಿಕ್ಕಿದೆ, ಅದರ ಮೂಲಕ 112ಕ್ಕೆ ಪ್ರಯತ್ನಿಸಬಹುದು ಎಂದರ್ಥ. ಮನೆಗೆ ಫೋನ್ ಮಾಡಲು ಆಗುವುದಿಲ್ಲ, ವಾಟ್ಸ್ಯಾಪ್ ಹೋಗುವುದಿಲ್ಲ, 112ಕ್ಕೆ ಮಾತ್ರ ದಾರಿ ಇದೆ. ಘಟ್ಟದ ಊರುಗಳಲ್ಲಿ, ಕಾಡಂಚಿನ ಹೊಲಗಳಲ್ಲಿ ಈ ಎರಡು ಬರಹದ ವ್ಯತ್ಯಾಸ ಗೊತ್ತಿರುವುದು ಪ್ರಾಣದ ಮಾತು.

ಇಲ್ಲೇ 112 ಮತ್ತು 108ರ ನಡುವಿನ ಒಂದು ವ್ಯತ್ಯಾಸವನ್ನೂ ತಿಳಿದಿರಬೇಕು. ಆಂಬುಲೆನ್ಸ್ ಎಂದರೆ ನಮ್ಮ ರಾಜ್ಯದಲ್ಲಿ ಎಲ್ಲರ ಬಾಯಲ್ಲೂ ಬರುವುದು 108. 2008ರ ನವೆಂಬರಿನಲ್ಲಿ ಆರೋಗ್ಯ ಕವಚ ಎಂದು ಶುರುವಾದ ಸೇವೆ ಅದು, ಸಿಗ್ನಲ್ ಸರಿಯಿದ್ದಾಗ ಅದಕ್ಕೇ ನೇರವಾಗಿ ಮಾಡಿದರೆ ತಪ್ಪೇನಿಲ್ಲ. ಆದರೆ 112 ಎಂಬುದು ಮೊಬೈಲ್ ಫೋನಿನ ಅಂತರರಾಷ್ಟ್ರೀಯ ಮಾನದಂಡದಲ್ಲೇ ತುರ್ತು ನಂಬರ್ ಎಂದು ಸೇರಿಹೋಗಿದೆ. ಅದನ್ನು ಒತ್ತಿದರೆ ಇದು ಸಾಮಾನ್ಯ ಕರೆ ಅಲ್ಲ ಎಂದು ಫೋನಿಗೇ ಗೊತ್ತಾಗುತ್ತದೆ, ಸಿಕ್ಕಿದ ಟವರಿನಲ್ಲಿ ಕರೆ ಹಾಕಲು ನೋಡುತ್ತದೆ. 108 ಆ ಪಟ್ಟಿಯಲ್ಲಿಲ್ಲ. ಸಿಮ್ ಕಂಪನಿ ಬೇರೆಯಾಗಿ ಸೇರಿಸಿದ್ದರೆ ಮಾತ್ರ ಫೋನ್ ಅದನ್ನು ತುರ್ತು ಎಂದು ಗುರುತಿಸುತ್ತದೆ, ಇಲ್ಲದಿದ್ದರೆ ಎಲ್ಲ ನಂಬರಿನ ಹಾಗೆ ಅದೂ ಒಂದು ನಂಬರ್. ಪರದೆ ಮೇಲೆ "ತುರ್ತು ಕರೆಗಳು ಮಾತ್ರ" ಎಂದಿರುವಾಗ 108 ಒತ್ತಿ ಒತ್ತಿ ಸಾಕಾಗುವ ಬದಲು 112 ಒತ್ತಿ. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಅದು ಒಂದೇ ನಂಬರ್.

ಹಳೆಯ ಕೀಪ್ಯಾಡ್ ಫೋನ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. 2ಜಿ ಮಾತ್ರ ಇರುವ ಫೋನಿಗೆ 4ಜಿ ಟವರ್ ಕಾಣುವುದೇ ಇಲ್ಲ. ಜಿಯೋಗೆ 2ಜಿ ಇಲ್ಲ. ಹಾಗಾಗಿ ನಿಮ್ಮ ಹೊಲದ ಹತ್ತಿರ ಇರುವುದು ಜಿಯೋ ಟವರ್ ಒಂದೇ ಆಗಿದ್ದರೆ, ಪಕ್ಕದವರ ಸ್ಮಾರ್ಟ್‌ಫೋನ್ ತುರ್ತು ಕರೆಗೆ ದಾರಿ ಇದೆ ಎಂದು ತೋರಿಸುತ್ತಿರುವಾಗಲೂ ನಿಮ್ಮ 2ಜಿ ಫೋನ್ ಸುಮ್ಮನಿರುತ್ತದೆ. ಅದು ಕೆಟ್ಟಿಲ್ಲ, ಅದಕ್ಕೆ ಆ ಟವರಿನ ಭಾಷೆ ಬಾರದು. ಅಪ್ಪ ಅಮ್ಮ ಹೊಲಕ್ಕೆ ಒಯ್ಯುವ ಫೋನ್ ಯಾವುದಿರಬೇಕು ಎಂದು ತೀರ್ಮಾನಿಸುವಾಗ ಬೆಲೆಯ ಜೊತೆ ಇದನ್ನೂ ನೋಡಿ. ಫೋನ್ ಹಿಡಿದು ಹೊಲದ ಮೂಲೆಗೆ ಹೋಗಿ ಪರದೆ ನೋಡಿದರೆ ಗೊತ್ತಾಗುತ್ತದೆ.

ಸಿಮ್ ಇಲ್ಲದ ಫೋನಿನ ಕಥೆ

"ಸಿಮ್ ಇಲ್ಲದಿದ್ದರೂ 112 ಹೋಗುತ್ತದೆ" ಎಂಬ ಮಾತು ವಾಟ್ಸ್ಯಾಪಿನಲ್ಲಿ ಸುತ್ತುತ್ತಲೇ ಇರುತ್ತದೆ. ಅದರಲ್ಲಿ ಅರ್ಧ ನಿಜ ಇದೆ. ಸಿಮ್ ಇಲ್ಲದಿದ್ದರೂ ಫೋನು 112ಕ್ಕೆ ಪ್ರಯತ್ನಿಸುತ್ತದೆ, ಮಾನದಂಡವೇ ಹಾಗಿದೆ. ಆದರೆ ಆ ಕರೆಯನ್ನು ಒಳಗೆ ಬಿಟ್ಟುಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವುದು ಫೋನಲ್ಲ. ಆಯಾ ದೇಶದ ನಿಯಮ ಮತ್ತು ಟವರಿನ ಕಂಪನಿ. ಅಮೆರಿಕದಲ್ಲಿ ಸಿಮ್ ಇರಲಿ ಬಿಡಲಿ, ತುರ್ತು ಕರೆಯನ್ನು ಕಂಪನಿಗಳು ಸಾಗಿಸಲೇಬೇಕು. ಜರ್ಮನಿಯಲ್ಲಿ ಸುಳ್ಳು ಕರೆಗಳ ಕಾಟ ತಡೆಯಲಾಗದೆ 2009ರಲ್ಲಿ ಸಿಮ್ ಇಲ್ಲದ ಕರೆಯನ್ನೇ ನಿಲ್ಲಿಸಿದರು. ಬ್ರಿಟನ್ನಿನಲ್ಲೂ ಬಿಡುವುದಿಲ್ಲ. ಒಂದೇ ಫೋನು ಒಂದು ದೇಶದಲ್ಲಿ ಕರೆ ಮಾಡುತ್ತದೆ, ಇನ್ನೊಂದು ದೇಶದಲ್ಲಿ ಮಾಡುವುದಿಲ್ಲ.

ಕರೆ ಹೋದರೂ ಒಂದು ಕೊರತೆ ಉಳಿಯುತ್ತದೆ. ಸಿಮ್ ಇಲ್ಲ ಎಂದರೆ ನಂಬರ್ ಇಲ್ಲ. ಮಾತಿನ ಮಧ್ಯೆ ಸಿಗ್ನಲ್ ಹೋದರೆ ಅವರು ನಿಮಗೆ ತಿರುಗಿ ಕರೆ ಮಾಡಲಾರರು. ಗಾಡಿಯವರು ದಾರಿ ತಪ್ಪಿದರೆ "ಎಲ್ಲಿದ್ದೀರಿ" ಎಂದು ಕೇಳಲು ಅವರಿಗೆ ನಂಬರೇ ಇರುವುದಿಲ್ಲ. ಹಳ್ಳಿಯ ಮಟ್ಟಿಗೆ ಇದು ಸಣ್ಣ ಕೊರತೆ ಅಲ್ಲ.

ನಮ್ಮ ಸಲಹೆ ಇಷ್ಟು. ಸಿಮ್ ಇಲ್ಲದ ಫೋನನ್ನು ನೆಚ್ಚಿಕೊಂಡು ಕೂರಬೇಡಿ. ಬೇರೆ ದಾರಿಯೇ ಇಲ್ಲದಾಗ ಒತ್ತಿ ನೋಡಿ, ತಪ್ಪೇನಿಲ್ಲ. ಆದರೆ ಮನೆಯ ಹಳೆಯ ಫೋನನ್ನು ಅಜ್ಜಿಯ ತಲೆದೆಸೆಗೆ ಇಡುವುದಾದರೆ ಒಳಗೊಂದು ಚಾಲ್ತಿಯಲ್ಲಿರುವ ಸಿಮ್ ಹಾಕಿಯೇ ಇಡಿ. ರೀಚಾರ್ಜ್ ಮುಗಿದ ಸಿಮ್ ಆದರೂ ಖಾಲಿ ಫೋನಿಗಿಂತ ಮೇಲು. ಹೊರಹೋಗುವ ಕರೆ ನಿಂತಿರುವ ಸಿಮ್ಮಿನಿಂದಲೂ 112ಕ್ಕೆ ದಾರಿ ಇರಬೇಕು ಎಂದು ಟ್ರಾಯ್ 2015ರಲ್ಲಿ, ಈ ಒಂದೇ ನಂಬರಿನ ವ್ಯವಸ್ಥೆಗೆ ಶಿಫಾರಸು ಮಾಡುವಾಗಲೇ ಹೇಳಿತ್ತು. ಆದರೆ ಬಳಸದೆ ಸುಮ್ಮನಿಟ್ಟ ಸಿಮ್ ತೊಂಬತ್ತು ದಿನ ಕಳೆದ ಮೇಲೆ ರದ್ದಾಗಬಹುದು. ಆಮೇಲೆ ಅದು ಒಳಗಿದ್ದೂ ಇಲ್ಲದ ಹಾಗೆ. ಆದ್ದರಿಂದ ವರ್ಷಗಟ್ಟಲೆ ಡಬ್ಬಿಯಲ್ಲಿದ್ದ ಸಿಮ್ ತಂದು ಹಾಕಿ ಸಮಾಧಾನಪಟ್ಟುಕೊಳ್ಳಬೇಡಿ.

ಸಿಮ್ ತೆಗೆದ ಹಳೆಯ ಫೋನನ್ನು ಆಡಲು ಮಗುವಿಗೆ ಕೊಡುವ ಮನೆಗಳೂ ಇವೆ. ಲಾಕ್ ಆದ ಪರದೆಯ ಮೇಲೂ ತುರ್ತು ಕರೆಯ ಬಟನ್ ಇರುತ್ತದೆ, ಮಗುವಿನ ಬೆರಳು ಅಲ್ಲಿಗೇ ಹೋಗುತ್ತದೆ. ಜರ್ಮನಿಯವರು ಬಾಗಿಲು ಹಾಕಿದ್ದು ಬೇಡದ ಕರೆಗಳಿಗೆ ಬೇಸತ್ತೇ. ಮಗುವಿಗೆ ಕೊಡುವ ಮುಂಚೆ ಏರೋಪ್ಲೇನ್ ಗುರುತು ಒತ್ತಿದರೂ ಸಾಲದು, ತುರ್ತು ಕರೆ ಒತ್ತಿದರೆ ಹಲವು ಫೋನುಗಳು ಅದನ್ನು ತಾವೇ ತೆಗೆದುಹಾಕಿ ಟವರ್ ಹುಡುಕುತ್ತವೆ. ದೊಡ್ಡವರ ಕಣ್ಣ ಮುಂದೆ ಆಡಲಿ.

ಮೂರನೆಯ ಮೆಟ್ಟಿಲು: ನೀವು ಎಲ್ಲಿದ್ದೀರಿ?

ಕರೆ ಹೋಯಿತು, ಆ ಕಡೆಯವರು ಎತ್ತಿದರು. ಹಳ್ಳಿಯ ಕರೆ ನಿಜವಾಗಿ ಸಿಕ್ಕಿಹಾಕಿಕೊಳ್ಳುವುದು ಇಲ್ಲಿ.

112ರ ವ್ಯವಸ್ಥೆ ಕಟ್ಟಿರುವ ರೀತಿ ಹೀಗಿದೆ. ರಾಜ್ಯಕ್ಕೊಂದು ಕರೆ ಕೇಂದ್ರ. ಅಲ್ಲಿ ಕೂತವರು ಕರೆ ಎತ್ತಿ, ಏನು, ಎಲ್ಲಿ ಎಂದು ಬರೆದುಕೊಂಡು, ಅದನ್ನು ಆಯಾ ಜಿಲ್ಲೆಗೆ ದಾಟಿಸುತ್ತಾರೆ. ಜಿಲ್ಲೆಯಿಂದ ಹತ್ತಿರದ ಗಾಡಿಗೆ ಸುದ್ದಿ ಹೋಗುತ್ತದೆ. ಅಂದರೆ ನಿಮ್ಮ ಕರೆ ಎತ್ತುವವರು ನಿಮ್ಮ ಠಾಣೆಯವರಲ್ಲ, ನಿಮ್ಮೂರು ಕಂಡವರಲ್ಲ. "ನಮ್ಮ ಬಸವಣ್ಣನ ಗುಡಿ ಹತ್ರ" ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ.

"ಫೋನಿನಲ್ಲೇ ಲೊಕೇಶನ್ ಹೋಗುತ್ತದಲ್ಲ" ಎಂದು ನೀವು ಕೇಳಬಹುದು. ಹೋಗಬಹುದು, ಆದರೆ ಎಷ್ಟು ಸರಿಯಾಗಿ ಎಂಬುದೇ ಪ್ರಶ್ನೆ. ಕರೆ ಯಾವ ಟವರಿನಿಂದ ಬಂತು ಎಂಬುದಷ್ಟೇ ಗೊತ್ತಾದರೆ ಪೇಟೆಯಲ್ಲಿ ಅದು ಒಂದೆರಡು ಬೀದಿ, ಹಳ್ಳಿಯಲ್ಲಿ ಒಂದು ಟವರಿನ ಸುತ್ತ ಹಲವು ಕಿಲೋಮೀಟರ್, ನಾಲ್ಕಾರು ಊರು. ಜಿಪಿಎಸ್ ಸಿಕ್ಕರೆ ಬಯಲಿನಲ್ಲಿ ಕೆಲವೇ ಮೀಟರಿನಷ್ಟು ಹತ್ತಿರ ತೋರಿಸುತ್ತದೆ. ಆದರೆ ದಟ್ಟ ತೋಟದೊಳಗೆ, ತಗಡಿನ ಶೆಡ್ಡಿನೊಳಗೆ ಅದು ತಡವಾಗುತ್ತದೆ, ತಪ್ಪುತ್ತದೆ. ತುರ್ತು ಕರೆ ಮಾಡಿದ ಆಂಡ್ರಾಯ್ಡ್ ಫೋನಿನಿಂದ ಜಾಗದ ಮಾಹಿತಿಯನ್ನು ತಾನಾಗಿ ಕರೆ ಕೇಂದ್ರಕ್ಕೆ ಕಳಿಸುವ ಸೌಲಭ್ಯವನ್ನು ಗೂಗಲ್ ಕಟ್ಟಿದೆ. ನಮ್ಮ ದೇಶದಲ್ಲಿ ಅದನ್ನು 112ಕ್ಕೆ ಜೋಡಿಸಿಕೊಂಡ ಮೊದಲ ರಾಜ್ಯ ಉತ್ತರ ಪ್ರದೇಶ, 2025ರ ಕೊನೆಯಲ್ಲಿ. ಈ ಸೌಲಭ್ಯ ಫೋನಿನಲ್ಲಿದ್ದರೆ ಸಾಲದು, ಕರೆ ಎತ್ತುವ ಕಡೆಯೂ ಜೋಡಣೆಯಾಗಬೇಕು.

ಹಾಗಾಗಿ ಎಲ್ಲಿದ್ದೀರಿ ಎಂದು ಬಾಯಲ್ಲಿ ಹೇಳಲು ಬರಬೇಕು. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ಡಿಸೆಂಬರ್ ತಿಂಗಳು, ಅಡಿಕೆ ಕೊಯ್ಲು. ಸಾಗರ ತಾಲ್ಲೂಕಿನ ಒಂದು ಊರು, ಹೆಸರು ಹೊಸೂರು ಎಂದುಕೊಳ್ಳಿ. ಸಂಜೆ ಐದೂವರೆ. ಕೊನೆಗಾರ ಮರದಿಂದ ಬಿದ್ದಿದ್ದಾನೆ. ಎಚ್ಚರ ಇದೆ, ಮಾತಾಡುತ್ತಾನೆ, ಆದರೆ ಕಾಲು ಆಡಿಸಲು ಬರುತ್ತಿಲ್ಲ. ಜೊತೆಗಿದ್ದವರು ಬೈಕ್ ತರುತ್ತೇವೆ, ಇಬ್ಬರ ನಡುವೆ ಕೂರಿಸಿಕೊಂಡು ಹೋಗುತ್ತೇವೆ ಎನ್ನುತ್ತಾರೆ. ಹಾವು ಕಚ್ಚಿದ್ದರೆ, ಗಾಯವಾಗಿದ್ದರೆ ಆಂಬುಲೆನ್ಸಿಗೆ ಕಾಯದೆ ಸಿಕ್ಕ ಗಾಡಿಯಲ್ಲಿ ಹೊರಡುವುದು ಹಲವು ಸಲ ಸರಿಯಾದ ತೀರ್ಮಾನವೇ. ಇಲ್ಲಿ ಅಲ್ಲ. ಬೆನ್ನುಮೂಳೆಗೆ ಪೆಟ್ಟಾಗಿರುವಾಗ ಎತ್ತಿ ಕೂರಿಸಿದರೆ ಉಳಿದಿರುವ ನರವೂ ಹೋಗಬಹುದು. ಇವನಿಗೆ ಸ್ಟ್ರೆಚರ್ ಇರುವ ಗಾಡಿಯೇ ಬೇಕು.

ತೋಟದ ಮನೆಯ ಅಕ್ಕ 112 ಒತ್ತುತ್ತಾಳೆ. ಮೊದಲ ಸಲ ಹೀಗೆ ಮಾತಾಡುತ್ತಾಳೆ ಅನ್ನಿ:

"ಸಾರ್, ಬೇಗ ಬನ್ನಿ, ನಮ್ಮ ತೋಟದಲ್ಲಿ ಮರದಿಂದ ಬಿದ್ದುಬಿಟ್ಟಿದಾನೆ."

"ಯಾವ ಊರು ಅಮ್ಮ?"

"ಹೊಸೂರು ಸಾರ್."

ನಮ್ಮ ರಾಜ್ಯದಲ್ಲಿ ಹೊಸೂರು ಎಷ್ಟಿವೆ? ಹೊಸಹಳ್ಳಿ ಎಷ್ಟಿವೆ? ರಾಂಪುರ ಎಷ್ಟಿವೆ? ಗಡಿ ದಾಟಿದರೆ ತಮಿಳುನಾಡಿನಲ್ಲೂ ಒಂದು ದೊಡ್ಡ ಹೊಸೂರಿದೆ. ಆ ಕಡೆಯವರು ಜಿಲ್ಲೆ ಕೇಳಬೇಕು, ತಾಲ್ಲೂಕು ಕೇಳಬೇಕು, ಇವಳು ಅಳುತ್ತಾ ಹೇಳಬೇಕು, ನಡುವೆ ಸಿಗ್ನಲ್ ಹೋಗಬೇಕು.

ಅದೇ ಅಕ್ಕ ಹೀಗೆ ಹೇಳಿದರೆ:

"ಶಿವಮೊಗ್ಗ ಜಿಲ್ಲೆ, ಸಾಗರ ತಾಲ್ಲೂಕು, ಹೊಸೂರು. ಅಡಿಕೆ ಮರದಿಂದ ಬಿದ್ದಿದಾನೆ, ಎಚ್ಚರ ಇದೆ, ಕಾಲು ಆಡ್ತಿಲ್ಲ. ಆಂಬುಲೆನ್ಸ್ ಬೇಕು. ಟಾರ್ ರಸ್ತೇಲಿ ಹಾಲಿನ ಡೇರಿ ಇದೆ, ಅಲ್ಲಿಂದ ಎಡಕ್ಕೆ ಮಣ್ಣು ರಸ್ತೆ, ಅರ್ಧ ಕಿಲೋಮೀಟರ್. ಡೇರಿ ಹತ್ರ ನಮ್ಮ ಹುಡುಗ ಬ್ಯಾಟರಿ ಹಿಡ್ಕೊಂಡು ನಿಂತಿರ್ತಾನೆ."

ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ದೊಡ್ಡದರಿಂದ ಸಣ್ಣದಕ್ಕೆ ಬಂದಿದ್ದಾಳೆ: ಜಿಲ್ಲೆ, ತಾಲ್ಲೂಕು, ಊರು, ಆಮೇಲೆ ಏನಾಗಿದೆ, ಆಮೇಲೆ ಗುರುತು. ಕರೆ ನಡುವೆ ಕಟ್ಟಾದರೂ ಮೊದಲ ಮೂರು ಮಾತು ಹೋಗಿದ್ದರೆ ಗಾಡಿ ಸರಿಯಾದ ದಿಕ್ಕಿಗೆ ಹೊರಡುತ್ತದೆ. ಗುರುತಾಗಿ ಅವಳು ಹೇಳಿದ್ದು ತೋಟದ ಮನೆಯನ್ನಲ್ಲ, ಟಾರ್ ರಸ್ತೆಯ ಮೇಲಿರುವ ಡೇರಿಯನ್ನು. ಹೊರಗಿನ ಡ್ರೈವರ್ ಯಾರನ್ನು ಕೇಳಿದರೂ ಅದು ಗೊತ್ತಾಗುತ್ತದೆ. ಅಲ್ಲಿಂದ ಒಳಗೆ ಕರೆತರಲು ಒಬ್ಬ ಮನುಷ್ಯನನ್ನು ನಿಲ್ಲಿಸಿದ್ದಾಳೆ. ಮೊಬೈಲಿನ ಮ್ಯಾಪ್ ಮಣ್ಣು ರಸ್ತೆಯಲ್ಲಿ ಕೈಬಿಟ್ಟರೂ ಬ್ಯಾಟರಿ ಬೆಳಕು ಕೈಬಿಡುವುದಿಲ್ಲ.

ಇನ್ನೊಂದು ಕೆಲಸವನ್ನು ಅವಳು ನೆನಪಿಟ್ಟುಕೊಳ್ಳಬೇಕು. ಕರೆ ಮುಗಿದ ಮೇಲೆ ಅದೇ ಫೋನಿನಿಂದ ನೆಂಟರಿಗೆಲ್ಲ ಸುದ್ದಿ ಹೇಳುತ್ತಾ ಕೂರಬಾರದು. ಗಾಡಿಯವರು ದಾರಿ ಕೇಳಲು ಆ ನಂಬರಿಗೇ ಕರೆ ಮಾಡುತ್ತಾರೆ. ಆ ಫೋನ್ ಖಾಲಿ ಇರಬೇಕು, ಸಿಗ್ನಲ್ ಇರುವ ಜಾಗದಲ್ಲೇ ಇರಬೇಕು. ನೆಂಟರಿಗೆ ಇನ್ನೊಂದು ಫೋನಿನಿಂದ ಹೇಳಲಿ.

ಹಾಗಾದರೆ ಯಾರು ಏನು ಮಾಡಬೇಕು?

ಸರ್ಕಾರ ಫೋನಿನಲ್ಲಿ ಬಟನ್ ಇಡಿಸಿತು, ಒಳ್ಳೆಯದು. ಆದರೆ ಹೊಲಕ್ಕೂ ತೋಟಕ್ಕೂ ವಿಳಾಸ ಕೊಡುವ ಕೆಲಸ ಬಾಕಿ ಇದೆ. ಬಾಕಿ ಇದೆ ಅಂದರೆ ಶೂನ್ಯದಿಂದ ಶುರು ಮಾಡಬೇಕೆಂದಲ್ಲ. ಹೊಲದ ವಿಳಾಸ ನಮ್ಮಲ್ಲಿ ಮೊದಲಿಂದಲೂ ಇದೆ, ಅದರ ಹೆಸರು ಸರ್ವೆ ನಂಬರ್. ನಾವು ನಿಂತ ಜಾಗದ ಸರ್ವೆ ನಂಬರ್ ಯಾವುದೆಂದು ತೋರಿಸುವ ದಿಶಾಂಕ್ ಎಂಬ ಆ್ಯಪನ್ನು ರಾಜ್ಯ ಸರ್ಕಾರವೇ ಮಾಡಿಸಿದೆ. ರೈತರು ಪಹಣಿ ನೋಡಲು, ಗಡಿ ನೋಡಲು ಅದನ್ನು ಬಳಸುತ್ತಾರೆ. ನಿಂತ ಜಾಗದಿಂದ ಸರ್ವೆ ನಂಬರ್ ಹುಡುಕಬಹುದಾದರೆ, ಸರ್ವೆ ನಂಬರಿನಿಂದ ಜಾಗ ಹುಡುಕುವುದೂ ಆಗುವ ಕೆಲಸವೇ. ರೈತನೊಬ್ಬ 112ಕ್ಕೆ ತನ್ನ ಊರು ಮತ್ತು ಸರ್ವೆ ನಂಬರ್ ಹೇಳಿದರೆ ಕರೆ ಎತ್ತಿದವರ ನಕ್ಷೆಯಲ್ಲಿ ಆ ಹೊಲ ಕಾಣಬೇಕು. ಓದು ಬಾರದ ಹಿರಿಯರಿಗೂ ತಮ್ಮ ಹೊಲದ ಸರ್ವೆ ನಂಬರ್ ಬಾಯಿಪಾಠ ಇರುತ್ತದೆ. ಜಿಲ್ಲೆಯ ಸಭೆಗಳಲ್ಲಿ, ಜನಪ್ರತಿನಿಧಿಗಳು ಬಂದಾಗ ನಾವು ಕೇಳಬೇಕಾದ ಪ್ರಶ್ನೆ ಇದು. ಫೋನಿನಿಂದ ತಾನಾಗಿ ಬರುವ ಜಾಗದ ಮಾಹಿತಿ ನಮ್ಮ ಜಿಲ್ಲೆಯ ಕರೆಗಳಿಗೆ ಸಿಗುತ್ತಿದೆಯೇ ಎಂಬುದನ್ನೂ ಅದರ ಜೊತೆಗೇ ಕೇಳಬೇಕು.

ಅಲ್ಲಿಯವರೆಗೆ ಗ್ರಾಮ ಪಂಚಾಯಿತಿ ಒಂದು ಡಬ್ಬ ಬಣ್ಣದಲ್ಲಿ ಮಾಡಬಹುದಾದ ಕೆಲಸ ಇದೆ. ಟಾರ್ ರಸ್ತೆಯಿಂದ ಮಣ್ಣು ರಸ್ತೆ ಒಡೆಯುವ ಪ್ರತಿ ಜಾಗದಲ್ಲಿ, ಬಸ್ ನಿಲ್ದಾಣದಲ್ಲಿ, ಶಾಲೆಯ ಗೋಡೆಯ ಮೇಲೆ, ನೀರಿನ ಟ್ಯಾಂಕಿನ ಮೇಲೆ ಒಂದು ಸಾಲು ಬರೆಸಬೇಕು: ಜಿಲ್ಲೆ, ತಾಲ್ಲೂಕು, ಊರು, ಆ ಜಾಗದ ಹೆಸರು. ಕೆಳಗೆ 112. ದಾರಿಯಲ್ಲಿ ಹೋಗುವ ಪರ ಊರಿನವರು ಅಪಘಾತ ನೋಡಿ ಕರೆ ಮಾಡಿದರೂ ಗೋಡೆ ನೋಡಿ ಓದಿ ಹೇಳಬಹುದು. ಗಾಬರಿಯಲ್ಲಿ ಊರಿನವರಿಗೂ ತಾಲ್ಲೂಕಿನ ಹೆಸರು ಬಾಯಿಗೆ ಬರುವುದಿಲ್ಲ, ಅವರೂ ಅದನ್ನೇ ನೋಡಿ ಓದಬಹುದು. ಸಿಗ್ನಲ್ ಸಿಗದ ಊರುಗಳಲ್ಲಿ ಎಲ್ಲಿ ನಿಂತರೆ ಸಿಗುತ್ತದೆ ಎಂಬುದು ಹುಡುಗರಿಗೆ ಗೊತ್ತಿರುತ್ತದೆ. ಆ ದಿಣ್ಣೆಗೂ ಒಂದು ಬೋರ್ಡ್ ಬೇಕು.

ಫೋನ್ ಮಾರುವ ಅಂಗಡಿಯವರು ಡಬ್ಬಿ ಒಡೆದು ಸಿಮ್ ಹಾಕಿಕೊಡುವಾಗಲೇ Emergency SOS ತೆರೆದು ಎಷ್ಟು ಸಲ ಒತ್ತಬೇಕೆಂದು ತೋರಿಸಿ ಕಳಿಸಬೇಕು. ಕೇಳಿದರೆ ಇಲ್ಲ ಎನ್ನುವುದಿಲ್ಲ, ನಾವು ಕೇಳುವುದಿಲ್ಲ ಅಷ್ಟೇ. ಇನ್ನು ಫೋನ್ ತಯಾರಿಸುವ ಕಂಪನಿಗಳಿಗೆ ಸರ್ಕಾರ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಮೂರೋ ಐದೋ, ಎಲ್ಲ ಫೋನಿಗೂ ಒಂದೇ ರೀತಿ ಇರಲಿ. ಊರಿನ ಯಾರ ಫೋನ್ ಕೈಗೆ ಸಿಕ್ಕರೂ ಯಾರು ಬೇಕಾದರೂ ಒತ್ತುವ ಹಾಗಿರಬೇಕು.

"112ಕ್ಕೆ ಮಾಡಿದರೆ ಪೊಲೀಸರು ಬರುತ್ತಾರೆ, ಯಾಕೆ ಬೇಕು ಉಸಾಬರಿ" ಎಂದು ಹಿಂಜರಿಯುವವರು ಪ್ರತಿ ಊರಿನಲ್ಲೂ ಇದ್ದಾರೆ. ಅವರ ಅಳುಕು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಮರದಡಿ ಮಲಗಿರುವ ಕೊನೆಗಾರನಿಗೆ ಬೇಕಿರುವುದು ಸ್ಟ್ರೆಚರ್. ಅದನ್ನು ತರುವ ಗಾಡಿ ಸಾಗರದಿಂದ ಹೊರಟು ಯಾವ ಹೊಸೂರಿಗೆ ಹೋಗಬೇಕೆಂದು ತಿಳಿಯದೆ ನಿಂತರೆ, ಸಂಜೆ ಐದೂವರೆಗೆ ಬಿದ್ದವನು ಕತ್ತಲಾದ ಮೇಲೂ ಅಲ್ಲೇ ಮಲಗಿರುತ್ತಾನೆ.

ಇವತ್ತು ರಾತ್ರಿ ಊಟದ ಹೊತ್ತಿಗೆ ಮನೆಯವರನ್ನೆಲ್ಲ ಕೂರಿಸಿಕೊಂಡು ಎರಡು ಕೆಲಸ ಮಾಡಿ. ಎಲ್ಲರ ಫೋನಿನಲ್ಲೂ SOS ಎಲ್ಲಿದೆ ನೋಡಿ, ಆನ್ ಮಾಡಿ. ಆಮೇಲೆ ಒಬ್ಬೊಬ್ಬರ ಬಾಯಲ್ಲೂ, ಮಕ್ಕಳ ಬಾಯಲ್ಲೂ, ಈ ಸಾಲು ಹೇಳಿಸಿ: ನಮ್ಮ ಜಿಲ್ಲೆ ಇದು, ತಾಲ್ಲೂಕು ಇದು, ಊರು ಇದು, ಟಾರ್ ರಸ್ತೆಯಿಂದ ನಮ್ಮ ಮನೆಗೆ ಬರುವ ಗುರುತು ಇದು. ಹೊಲಕ್ಕೆ ಬೇರೆ ದಾರಿ ಇದ್ದರೆ ಅದಕ್ಕೊಂದು ಸಾಲು. ತಡವರಿಸದೆ ಹೇಳಲು ಬರುವವರೆಗೆ ಹೇಳಿಸಿ.